ದುಡ್ಡು ಇಪ್ಪತ್ತು ಲಕ್ಷ, ಆಸೆ ಇಪ್ಪತ್ತೊಂಬತ್ತು ಲಕ್ಷ: ಯಾವ ಪ್ರಾಜೆಕ್ಟ್ ಮೊದಲು?

ಎಂಜಿನಿಯರಿಂಗ್ ಎಕನಾಮಿಕ್ಸ್ ಪುಸ್ತಕದಲ್ಲಿ ಪೇಬ್ಯಾಕ್, ಡಿಸ್ಕೌಂಟೆಡ್ ಪೇಬ್ಯಾಕ್, ಪ್ರಾಫಿಟಬಿಲಿಟಿ ಇಂಡೆಕ್ಸ್ ಮೂರೂ ಪಕ್ಕಪಕ್ಕದಲ್ಲೇ ಬರುತ್ತವೆ. ಮೂರಕ್ಕೂ ಒಂದೊಂದು ಫಾರ್ಮುಲಾ, ಒಂದೊಂದು ಲೆಕ್ಕ. ಆದ್ರೆ ಮೂರನ್ನೂ ಒಂದೇ ಪ್ರಶ್ನೆಗೆ ಹಚ್ಚಿ ನೋಡಿದಾಗ ಮಾತ್ರ ಅವು ಎಲ್ಲಿ ಜಗಳ ಆಡ್ತವೆ ಅಂತ ಗೊತ್ತಾಗೋದು. ಆ ಜಗಳ ಜೋರಾಗೋದು ಕೈಯಲ್ಲಿರೋ ದುಡ್ಡು ಸಾಲದೇ ಇದ್ದಾಗ. ದುಡ್ಡು ಬೇಕಾದಷ್ಟಿದ್ದರೆ ಲಾಭ ತರುವ ಎಲ್ಲವನ್ನೂ ಮಾಡಿಬಿಡಬಹುದು, ಆಯ್ಕೆಯ ಪ್ರಶ್ನೆಯೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರು ಕಡೆ ಒಂದು ಸಣ್ಣ ಕೊಬ್ಬರಿ ಎಣ್ಣೆ ಮಿಲ್ ಇದೆ ಅಂದುಕೊಳ್ಳಿ. ಈ ವರ್ಷ ಮಾಲೀಕರ ಕೈಯಲ್ಲಿ ಹೂಡೋಕೆ 20 ಲಕ್ಷ ರೂಪಾಯಿ ಇದೆ. ಮುಂದೆ ನಾಲ್ಕು ಯೋಚನೆ ಇವೆ. ಸೂರಿನ ಮೇಲೆ 20 ಕಿಲೋವ್ಯಾಟ್ ಸೋಲಾರ್ ಹಾಕಿಸೋದು, ಕೊಬ್ಬರಿ ಒಣಗಿಸೋಕೆ ಹೊಸ ಡ್ರೈಯರ್, ಒಂದು ಸೆಕೆಂಡ್ ಹ್ಯಾಂಡ್ ಎಕ್ಸ್‌ಪೆಲ್ಲರ್, ಸರಕು ಸಾಗಿಸೋಕೆ ಹಳೇ ಗೂಡ್ಸ್ ಗಾಡಿ. ಅಂಕಿಗಳು ನಾನೇ ಕಟ್ಟಿಕೊಂಡವು, ಆದ್ರೆ ಗಾಳಿಯಲ್ಲಿ ಹಾರಿಸಿದ್ದಲ್ಲ. ಸೋಲಾರ್ ನೋಡಿ: ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತೆ. ವರ್ಷಕ್ಕೆ 350 ದಿನ ಅಂತ ಹಿಡಿದರೆ 28 ಸಾವಿರ ಯೂನಿಟ್. ಯೂನಿಟ್‌ಗೆ 7 ರೂಪಾಯಿ ಉಳಿದರೆ ವರ್ಷಕ್ಕೆ ಹತ್ತಿರ ಹತ್ತಿರ 2 ಲಕ್ಷ.

| ಯೋಜನೆ | ಹೂಡಿಕೆ (ಲಕ್ಷ) | ವರ್ಷದ ಉಳಿತಾಯ (ಲಕ್ಷ) | ಬಾಳಿಕೆ (ವರ್ಷ) |
|---|---|---|---|
| ಸೋಲಾರ್ | 10 | 2.0 | 20 |
| ಡ್ರೈಯರ್ | 8 | 2.5 | 6 |
| ಎಕ್ಸ್‌ಪೆಲ್ಲರ್ | 6 | 2.7 | 3 |
| ಗಾಡಿ | 5 | 1.8 | 4 |

ಎಲ್ಲಾ ಸೇರಿದರೆ 29 ಲಕ್ಷ. ಒಂಬತ್ತು ಲಕ್ಷದ ಆಸೆ ಬಿಡಲೇಬೇಕು. ಯಾವುದನ್ನ?

ಮಾಲೀಕರು ಮೊದಲು ಕೇಳೋ ಪ್ರಶ್ನೆ "ಹಾಕಿದ ದುಡ್ಡು ಯಾವಾಗ ವಾಪಸ್ ಬರುತ್ತೆ?" ಅಂತ. ಅದೇ ಪೇಬ್ಯಾಕ್. ಹೂಡಿಕೆಯನ್ನ ವರ್ಷದ ಉಳಿತಾಯದಿಂದ ಭಾಗಿಸಿದರೆ ಮುಗೀತು. ಎಕ್ಸ್‌ಪೆಲ್ಲರ್‌ಗೆ 2.2 ವರ್ಷ, ಗಾಡಿಗೆ 2.8, ಡ್ರೈಯರ್‌ಗೆ 3.2, ಸೋಲಾರ್‌ಗೆ 5. ಬೇಗ ಬರೋದನ್ನ ಮೊದಲು ಆರಿಸಿದರೆ ಎಕ್ಸ್‌ಪೆಲ್ಲರ್, ಗಾಡಿ, ಡ್ರೈಯರ್ ಮೂರೂ ಸೇರಿ 19 ಲಕ್ಷ. ಬಜೆಟ್ ಒಳಗೇ ಇದೆ. ಸೋಲಾರ್ ಹೊರಗೆ.

ಇದರಲ್ಲಿ ಎರಡು ತೊಂದರೆ ಇವೆ. ಮುಂದಿನ ವರ್ಷದ ರೂಪಾಯಿಯನ್ನೂ ಇವತ್ತಿನ ರೂಪಾಯಿಯನ್ನೂ ಒಂದೇ ಅಂತ ಎಣಿಸಿದ್ದು ಒಂದು. ದುಡ್ಡು ವಾಪಸ್ ಬಂದ ಮೇಲೆ ಏನಾಗುತ್ತೆ ಅಂತ ನೋಡದೇ ಇದ್ದದ್ದು ಇನ್ನೊಂದು. ಡಿಸ್ಕೌಂಟೆಡ್ ಪೇಬ್ಯಾಕ್ ಸರಿಮಾಡೋದು ಮೊದಲನೆಯದನ್ನ ಮಾತ್ರ. ಮಿಲ್ಲಿನ ದುಡ್ಡಿಗೆ ವರ್ಷಕ್ಕೆ ಶೇಕಡಾ 12 ಬೆಲೆ ಅಂತ ಇಟ್ಟುಕೊಂಡರೆ, ಒಂದು ವರ್ಷ ಬಿಟ್ಟು ಬರುವ ರೂಪಾಯಿಗೆ ಇವತ್ತು 89 ಪೈಸೆ, ಎರಡು ವರ್ಷ ಬಿಟ್ಟು ಬಂದರೆ 80, ಮೂರಾದರೆ 71. ಇಪ್ಪತ್ತನೇ ವರ್ಷದ ರೂಪಾಯಿಗೆ ಬರೀ 10 ಪೈಸೆ.

ಎಕ್ಸ್‌ಪೆಲ್ಲರ್‌ಗೆ ಇದನ್ನ ಹಾಕಿ ನೋಡೋಣ. ಅದರ ಮೂರು ವರ್ಷದ 2.7 ಲಕ್ಷಗಳು ಇವತ್ತಿನ ಲೆಕ್ಕದಲ್ಲಿ 2.41, 2.15, 1.92 ಆಗುತ್ತವೆ. ಎರಡು ವರ್ಷಕ್ಕೆ 4.56 ಬಂತು, ಇನ್ನೂ 1.44 ಬಾಕಿ, ಅದು ಮೂರನೇ ವರ್ಷದ ಮುಕ್ಕಾಲು ಭಾಗ ತಿಂದುಹಾಕುತ್ತೆ. ಅಂದ್ರೆ 2.75 ವರ್ಷ. ಮಿಷನ್ನಿನ ಆಯಸ್ಸೇ ಮೂರು ವರ್ಷ! ಅಸಲು ತೀರಿದ ಮೇಲೆ ಅದು ಲಾಭ ಕೊಡೋದು ಮೂರೇ ತಿಂಗಳು. ಇದೇ ರೀತಿ ಗಾಡಿಗೆ 3.6, ಡ್ರೈಯರ್‌ಗೆ 4.3, ಸೋಲಾರ್‌ಗೆ 8.1 ವರ್ಷ ಬರುತ್ತೆ.

ಅಂಕಿಗಳು ಬದಲಾದವು, ಸಾಲು ಬದಲಾಗಲಿಲ್ಲ. ಎಕ್ಸ್‌ಪೆಲ್ಲರ್ ಇನ್ನೂ ಮೊದಲು, ಸೋಲಾರ್ ಇನ್ನೂ ಕೊನೆ. ಡಿಸ್ಕೌಂಟ್ ಮಾಡಿಬಿಟ್ಟರೆ ಪೇಬ್ಯಾಕ್ ದೋಷ ಹೋಗುತ್ತೆ ಅಂತ ಎಷ್ಟೋ ನೋಟ್ಸ್‌ಗಳಲ್ಲಿ ಬರೆದಿರ್ತಾರೆ. ಅರ್ಧ ಮಾತ್ರ ನಿಜ. 8.1 ವರ್ಷ ಆದ ಮೇಲೆ ಸೋಲಾರ್ ಇನ್ನೂ ಹತ್ತಿರ ಹನ್ನೆರಡು ವರ್ಷ ದುಡೀತದೆ, ಆ ದುಡಿಮೆ ಈ ಲೆಕ್ಕಕ್ಕೆ ಬರಲೇ ಇಲ್ಲ.

ಅದನ್ನ ಲೆಕ್ಕಕ್ಕೆ ತರೋಕೆ ಬಾಳಿಕೆಯ ಪೂರ್ತಿ ಉಳಿತಾಯವನ್ನ ಇವತ್ತಿನ ಬೆಲೆಗೆ ಇಳಿಸಿ ಕೂಡಬೇಕು. ಸೋಲಾರ್‌ಗೆ ಅದು 14.94 ಲಕ್ಷ. ಇದರಿಂದ ಹೂಡಿಕೆ 10 ಲಕ್ಷ ಕಳೆದರೆ 4.94, ಇದು ಎನ್‌ಪಿವಿ, ಅಂದ್ರೆ ಇವತ್ತಿನ ಲೆಕ್ಕದಲ್ಲಿ ನಿಜವಾದ ಗಳಿಕೆ. ಕಳೆಯೋ ಬದಲು ಭಾಗಿಸಿದರೆ 1.49, ಇದು ಪ್ರಾಫಿಟಬಿಲಿಟಿ ಇಂಡೆಕ್ಸ್, ಇನ್ನು ಮುಂದೆ ಪಿಐ ಅಂತ ಕರೆಯೋಣ. ಡ್ರೈಯರ್‌ಗೆ ಎನ್‌ಪಿವಿ 2.28, ಪಿಐ 1.28. ಗಾಡಿಗೆ 0.47 ಮತ್ತು 1.09. ಎಕ್ಸ್‌ಪೆಲ್ಲರ್‌ಗೆ 0.48 ಮತ್ತು 1.08.

ಸಾಲು ತಲೆಕೆಳಗಾಯ್ತು ನೋಡಿ. ಪೇಬ್ಯಾಕ್ ಆರಿಸಿದ ಮೂರರಿಂದ ಒಟ್ಟು ಗಳಿಕೆ 3.23 ಲಕ್ಷ. ಪಿಐ ಆರಿಸಿದ ಸೋಲಾರ್ ಮತ್ತು ಡ್ರೈಯರ್‌ನಿಂದ 7.22 ಲಕ್ಷ, ಅದೂ 18 ಲಕ್ಷ ಹೂಡಿ. ಕೊರತೆ ಇರೋದು ದುಡ್ಡಿಗೆ ಅಂದ ಮೇಲೆ, ಪ್ರತಿ ರೂಪಾಯಿಗೆ ಯಾವುದು ಹೆಚ್ಚು ಕೊಡುತ್ತೆ ಅಂತ ಕೇಳೋದೇ ಸರಿ, ಪಿಐ ಕೇಳೋದೂ ಅದನ್ನೇ. ನೀರು ಕಮ್ಮಿ ಇರೋ ವರ್ಷ ರೈತರು ಎಕರೆಗೆ ಎಷ್ಟು ಇಳುವರಿ ಅನ್ನೋದಕ್ಕಿಂತ ಇರೋ ನೀರಿಗೆ ಎಷ್ಟು ಇಳುವರಿ ಅಂತ ನೋಡೋ ಹಾಗೆ.

ಇಲ್ಲಿಗೆ ನಿಲ್ಲಿಸಿದರೆ ಪಿಐ ಗೆದ್ದ ಹಾಗೆ. ಪುಸ್ತಕದ ಉದಾಹರಣೆಗಳು ಹೆಚ್ಚಾಗಿ ಇಲ್ಲೇ ನಿಲ್ತವೆ ಕೂಡ. ಆದ್ರೆ ಈಗ ಐದನೇ ಯೋಜನೆ ಬಂತು ಅಂದುಕೊಳ್ಳಿ. ಎಣ್ಣೆ ಸೋಸೋಕೆ ಒಂದು ಫಿಲ್ಟರ್ ಪ್ರೆಸ್: 2.5 ಲಕ್ಷ ಹೂಡಿಕೆ, ಗಸಿಯಲ್ಲಿ ಹೋಗ್ತಿದ್ದ ಎಣ್ಣೆ ಉಳಿದು ವರ್ಷಕ್ಕೆ 80 ಸಾವಿರ, ಎಂಟು ವರ್ಷ ಬಾಳಿಕೆ. ಎನ್‌ಪಿವಿ 1.47 ಲಕ್ಷ, ಪಿಐ 1.59. ಎಲ್ಲಕ್ಕಿಂತ ಮೇಲೆ.

ಪಿಐ ಸಾಲಿನ ಪ್ರಕಾರ ಮೊದಲು ಫಿಲ್ಟರ್, ಆಮೇಲೆ ಸೋಲಾರ್: 12.5 ಲಕ್ಷ ಆಯ್ತು. ಉಳಿದದ್ದು 7.5. ಡ್ರೈಯರ್‌ಗೆ 8 ಬೇಕು! ಐವತ್ತು ಸಾವಿರಕ್ಕೆ ಡ್ರೈಯರ್ ತಪ್ಪಿತು. ಅದನ್ನ ಬಿಟ್ಟು ಮುಂದಿನದಾದ ಗಾಡಿ ತಗೊಂಡರೆ ಒಟ್ಟು ಗಳಿಕೆ 6.88 ಲಕ್ಷ. ಫಿಲ್ಟರನ್ನೇ ಕೈಬಿಟ್ಟು ಮೊದಲಿನ ಹಾಗೆ ಸೋಲಾರ್ ಮತ್ತು ಡ್ರೈಯರ್ ಮಾಡಿದರೆ 7.22. ಅಂದ್ರೆ ಪಟ್ಟಿಯಲ್ಲಿ ಒಂದನೇ ರ‍್ಯಾಂಕ್ ಬಂದದ್ದನ್ನ ಬಿಟ್ಟರೇ ಹೆಚ್ಚು ಲಾಭ.

ಸಿಎಸ್‌ನವರಿಗೆ ಇದು ಎಲ್ಲೋ ನೋಡಿದ ಹಾಗಿದೆ ಅನ್ನಿಸಿರಬೇಕು. ಹೌದು, ಇದು ನ್ಯಾಪ್‌ಸ್ಯಾಕ್. ಪ್ರಾಜೆಕ್ಟನ್ನ ತುಂಡು ಮಾಡಬಹುದಾದರೆ, ಅಂದ್ರೆ ಡ್ರೈಯರಿನ ಶೇಕಡಾ 94 ಭಾಗ ಕೊಳ್ಳೋಕೆ ಆಗುವಂತಿದ್ದರೆ, ಗ್ರೀಡಿ ಸರಿಯಾದ ಉತ್ತರವನ್ನೇ ಕೊಡುತ್ತೆ. ಪಿಐ ಸಾಲು ಅಂದ್ರೆ ಆ ಗ್ರೀಡಿಯೇ. ಇಡೀ ಪ್ರಾಜೆಕ್ಟ್ ತಗೋಬೇಕು ಇಲ್ಲಾ ಬಿಡಬೇಕು ಅಂದಾಗ ಅದು 0/1 ನ್ಯಾಪ್‌ಸ್ಯಾಕ್ ಆಗುತ್ತೆ, ಗ್ರೀಡಿಗೆ ಗ್ಯಾರಂಟಿ ಇಲ್ಲ. ಅಂದಹಾಗೆ ಇದು ಹಳೇ ಜಗಳ. ಲೋರಿ ಮತ್ತು ಸ್ಯಾವೇಜ್ ಅನ್ನೋರು 1955ರಲ್ಲೇ ಬಂಡವಾಳ ಹಂಚಿಕೆಯ ತೊಡಕುಗಳ ಬಗ್ಗೆ ಬರೆದಿದ್ದರು, ವೈನ್‌ಗಾರ್ಟ್ನರ್ 1963ರ ಪುಸ್ತಕದಲ್ಲಿ ಇದನ್ನ ಪ್ರೋಗ್ರಾಮಿಂಗ್ ಲೆಕ್ಕವಾಗಿ ಕಟ್ಟಿಕೊಟ್ಟರು.

ಐದೇ ಪ್ರಾಜೆಕ್ಟ್ ಇದ್ದಾಗ ಅಷ್ಟು ದೊಡ್ಡ ವಿದ್ಯೆ ಬೇಕಿಲ್ಲ. ಇರೋದು 32 ಜೋಡಣೆ, ಎಲ್ಲವನ್ನೂ ನೋಡಿಬಿಟ್ಟರಾಯ್ತು:

```python
from itertools import combinations
p = {"solar": (10, 4.94), "dryer": (8, 2.28),
     "expeller": (6, 0.48), "van": (5, 0.47),
     "filter": (2.5, 1.47)}
ok = [c for r in range(6) for c in combinations(p, r)
      if sum(p[x][0] for x in c) <= 20]
print(max(ok, key=lambda c: sum(p[x][1] for x in c)))
```

ಉತ್ತರ `('solar', 'dryer')`. ಈಗ `20` ಇರೋ ಕಡೆ `20.5` ಹಾಕಿ ಓಡಿಸಿ. ಫಿಲ್ಟರ್ ಕೂಡ ಒಳಗೆ ಬರುತ್ತೆ, ಗಳಿಕೆ 8.69 ಲಕ್ಷ. ಬಜೆಟ್ ಐವತ್ತು ಸಾವಿರ ಹೆಚ್ಚಾದರೆ ಗಳಿಕೆ ಒಂದೂವರೆ ಲಕ್ಷದ ಹತ್ತಿರ ಹೆಚ್ಚುತ್ತೆ. ಇಡೀ ಲೆಕ್ಕದಲ್ಲಿ ನನಗೆ ಅತಿ ಉಪಯೋಗ ಅನ್ನಿಸಿದ್ದು ಈ ಸಾಲೇ. ಆ ಐವತ್ತು ಸಾವಿರವನ್ನ ಊರಿನ ಫೈನಾನ್ಸ್‌ನವರ ಹತ್ತಿರ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ ತಂದು, ವರ್ಷದ ಕೊನೆಗೆ 80 ಸಾವಿರ ಕಟ್ಟಿದರೂ, ಅದರ ಇವತ್ತಿನ ಬೆಲೆ ಸುಮಾರು 71 ಸಾವಿರ. ಅಂದ್ರೆ ಹೆಚ್ಚುವರಿ ಹೊರೆ 21 ಸಾವಿರದಷ್ಟು, ಸಿಗೋದು 1 ಲಕ್ಷ 47 ಸಾವಿರ. ಅದಕ್ಕೂ ಮೊದಲು ಡ್ರೈಯರ್ ಮಾರೋರ ಹತ್ತಿರ ಚೌಕಾಸಿ ಮಾಡೋದು ಇನ್ನೂ ಒಳ್ಳೇದು. ಬಜೆಟ್ಟಿನ ಗೆರೆ ನಿಜವಾಗಿಯೂ ಕಲ್ಲಿನ ಗೆರೆಯಾ ಅಂತ ಕೇಳದೆ ಪಟ್ಟಿ ಮಾಡ್ತಾ ಕೂತರೆ ಇದು ಕಾಣೋದೇ ಇಲ್ಲ.

ಹಾಗಾದ್ರೆ ಪೇಬ್ಯಾಕ್ ದಂಡವಾ? ನನಗೆ ಹಾಗನ್ನಿಸಲ್ಲ. ರ‍್ಯಾಂಕ್ ಕೊಡೋಕೆ ಅದು ಬೇಡ, ಆದ್ರೆ ಬೇರೆ ಎರಡು ಪ್ರಶ್ನೆಗೆ ಅದರ ಉತ್ತರ ಬೇಕು.

ಒಂದು, ಸೋಲಾರಿನ 1.49 ನಿಂತಿರೋದು ಇಪ್ಪತ್ತು ವರ್ಷದ ನಂಬಿಕೆಯ ಮೇಲೆ. ಹತ್ತೇ ವರ್ಷ ಉಳಿತಾಯ ಸಿಕ್ಕರೆ ಅದರ ಎನ್‌ಪಿವಿ 1.30ಕ್ಕೆ, ಪಿಐ 1.13ಕ್ಕೆ ಇಳಿಯುತ್ತೆ, ಡ್ರೈಯರ್‌ಗಿಂತ ಕೆಳಗೆ. ಪ್ಯಾನೆಲ್ ಬಾಳಿಕೆ ಬಂದರೂ ಇನ್ವರ್ಟರ್ ಅಷ್ಟು ವರ್ಷ ಬರಲ್ಲ, ನಡುವೆ ಒಮ್ಮೆ ಬದಲಿಸಬೇಕಾಗುತ್ತೆ, ಆ ಖರ್ಚನ್ನೂ ಸೇರಿಸಬೇಕು. ಇಲ್ಲಿ ಡಿಸ್ಕೌಂಟೆಡ್ ಪೇಬ್ಯಾಕಿನ 8.1 ಒಂದು ಕೆಲಸದ ಅಂಕಿ: ಇದು ಕನಿಷ್ಠ ಎಂಟು ವರ್ಷ ಚೆನ್ನಾಗಿ ನಡೀತದೆ ಅಂತ ಧೈರ್ಯ ಇದೆಯಾ? ಇಲ್ಲ ಅಂದ್ರೆ ಪಿಐ ಎಷ್ಟೇ ಇರಲಿ, ಕೈ ಹಾಕಬಾರದು.

ಇನ್ನೊಂದು, ಮುಂದಿನ ವರ್ಷದ ದುಡ್ಡು. ಪಿಐ ನೋಡೋದು ಈ ಒಂದು ವರ್ಷದ ಕೊರತೆಯನ್ನ ಮಾತ್ರ. ಸೋಲಾರ್ ಮತ್ತು ಡ್ರೈಯರ್ ಆರಿಸಿದರೆ ಉಳಿದ 2 ಲಕ್ಷಕ್ಕೆ ಮೊದಲ ವರ್ಷದ 4.5 ಸೇರಿ ಮುಂದಿನ ವರ್ಷ ಕೈಯಲ್ಲಿ 6.5 ಲಕ್ಷ. ಪೇಬ್ಯಾಕ್ ಹೇಳಿದ ಮೂರನ್ನ ಆರಿಸಿದ್ದರೆ 1 ಲಕ್ಷಕ್ಕೆ 7 ಸೇರಿ 8 ಲಕ್ಷ. ಮುಂದಿನ ವರ್ಷವೂ ಹೊರಗಿನಿಂದ ದುಡ್ಡು ಹುಟ್ಟಲ್ಲ, ಆಗ ಒಂದು ಒಳ್ಳೇ ಅವಕಾಶ ಬರೋದು ಖಚಿತ ಅಂತಾದರೆ, ಈ ಒಂದೂವರೆ ಲಕ್ಷಕ್ಕೆ ಬೆಲೆ ಇದೆ. ಎಷ್ಟು ಬೆಲೆ ಇದ್ದರೆ ನಿರ್ಧಾರ ಬದಲಾಗಬೇಕು ಅನ್ನೋದನ್ನೂ ಲೆಕ್ಕ ಹಾಕಬಹುದು. ಈಗ ಬಿಟ್ಟುಕೊಡೋದು 7.22ರಲ್ಲಿ 3.23 ಕಳೆದು 3.99 ಲಕ್ಷ. ಒಂದು ವರ್ಷದ ಶೇಕಡಾ 12 ಸೇರಿಸಿದರೆ ಸುಮಾರು 4.47 ಲಕ್ಷ. ಆ ಒಂದೂವರೆ ಲಕ್ಷ ಇಲ್ಲದಿದ್ದರೆ ಕೈತಪ್ಪುವಂಥ, 4.47 ಲಕ್ಷಕ್ಕಿಂತ ಹೆಚ್ಚು ಎನ್‌ಪಿವಿ ಕೊಡುವ ಕೆಲಸ ಮುಂದಿನ ವರ್ಷ ನಿಜವಾಗಿ ಕಾದಿದ್ದರೆ ಮಾತ್ರ ಎಕ್ಸ್‌ಪೆಲ್ಲರ್ ದಾರಿ ಹಿಡಿಯಬಹುದು. ಎಂಟು ಲಕ್ಷದೊಳಗೆ ಅಂಥದ್ದು ಸಿಗೋದು ಕಷ್ಟ.