ನಾಳೆಯ ಕಾಲ್‌ಶೀಟ್ ಇವತ್ತು ಸಂಜೆ ಬರೆಯುವುದು ಹೇಗೆ?

ಗಾಂಧಿನಗರದಲ್ಲಿ ‘ಕಾಲ್‌ಶೀಟ್’ ಎಂದರೆ ಸಾಮಾನ್ಯವಾಗಿ ನಟರ ಡೇಟ್. ‘ಹೀರೊ ಕಾಲ್‌ಶೀಟ್ ಸಿಕ್ತಾ?’ ಎನ್ನುವಾಗ ಯಾರೂ ಕಾಗದದ ಬಗ್ಗೆ ಕೇಳುತ್ತಿರುವುದಿಲ್ಲ. ಈ ಲೇಖನ ಇನ್ನೊಂದು ಕಾಲ್‌ಶೀಟ್ ಬಗ್ಗೆ: ನಾಳೆ ಯಾರು, ಎಷ್ಟು ಹೊತ್ತಿಗೆ, ಎಲ್ಲಿಗೆ, ಏನು ಹಿಡಿದುಕೊಂಡು ಬರಬೇಕು ಎಂದು ಹಿಂದಿನ ಸಂಜೆ ಇಡೀ ಯೂನಿಟ್‌ಗೆ ಕಳಿಸುವ ಒಂದೆರಡು ಪುಟದ ಹಾಳೆ. ದೊಡ್ಡ ಚಿತ್ರಗಳಲ್ಲಿ ಇದು ಸಹಾಯಕ ನಿರ್ದೇಶಕರ ಕೆಲಸ. ಇಪ್ಪತ್ತು ಇಪ್ಪತ್ತೈದು ಜನರ ಸಣ್ಣ ತಂಡದಲ್ಲಿ ಪ್ರೊಡಕ್ಷನ್ ಅಸಿಸ್ಟೆಂಟ್ ತಲೆಗೇ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜನವರಿ ತಿಂಗಳ ನಡುವೆ ಒಂದು ಕಿರುಚಿತ್ರದ ಶೂಟಿಂಗ್. ಯೂನಿಟ್ ಉಳಿದಿರುವುದು ಮೈಸೂರಿನಲ್ಲಿ. ನಾಳೆಯ ಮೊದಲ ದೃಶ್ಯ ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ: ಅಜ್ಜಿ ಕೊಡ ತುಂಬಿಸುತ್ತಾಳೆ, ಊರಿಗೆ ಬಂದ ಮಗ ಹಿಂದಿನಿಂದ ಕೂಗುತ್ತಾನೆ. ಮಧ್ಯಾಹ್ನಕ್ಕೆ ಪಕ್ಕದ ಬೀದಿಯ ಮನೆಯೊಳಗಿನ ದೃಶ್ಯಗಳು.

ಹಂತ 1: ನಾಲ್ಕು ಗಂಟೆಗೆ ನಿರ್ದೇಶಕರ ಪಕ್ಕ ನಿಲ್ಲಿ

ಪ್ಯಾಕಪ್ ಆಗಲಿ, ಆಮೇಲೆ ಬರೆಯೋಣ ಅಂದುಕೊಳ್ಳಬೇಡಿ. ಸಂಜೆ ನಾಲ್ಕರ ಹೊತ್ತಿಗೆ, ಲೈಟ್ ಬದಲಾಯಿಸುವ ಬಿಡುವಿನಲ್ಲಿ, ನಿರ್ದೇಶಕರನ್ನೋ ಅಸೋಸಿಯೇಟನ್ನೋ ಎರಡು ಪ್ರಶ್ನೆ ಕೇಳಿ. ಇವತ್ತಿನ ಯಾವ ದೃಶ್ಯ ನಾಳೆಗೆ ಉಳಿಯಬಹುದು? ನಾಳೆ ಮೊದಲ ಶಾಟ್ ಯಾವುದು, ಎಷ್ಟು ಗಂಟೆಗೆ? ಎರಡನೆಯದಕ್ಕೆ ಉತ್ತರ ಸಿಗದೆ ಹಾಳೆ ಬರೆಯಲು ಕೂರುವುದು ದಂಡ.

ನಮ್ಮ ಉದಾಹರಣೆಯಲ್ಲಿ ಸೂರ್ಯ ಹುಟ್ಟುವುದು 6:45ರ ಆಸುಪಾಸು. ಬಿಸಿಲು ಗಟ್ಟಿಯಾಗುವ ಮೊದಲೇ ಮುಗಿಸಬೇಕೆಂದು ಕ್ಯಾಮೆರಾಮನ್ ಹೇಳಿದ್ದಾರೆ. ಮೊದಲ ಶಾಟ್ 7:15ಕ್ಕೆ ಎಂದು ನಿಂತಿತು.

ಹಂತ 2: ಶಾಟ್‌ನಿಂದ ಹಿಂದಕ್ಕೆ ಎಣಿಸಿ

ಹೊಸಬರು ಎಲ್ಲರಿಗೂ ‘ಬೆಳಿಗ್ಗೆ 6’ ಎಂದು ಬರೆದು ಮುಗಿಸುತ್ತಾರೆ. ಆರಕ್ಕೆ ಎಲ್ಲರೂ ಬರುತ್ತಾರೆ, ಅರ್ಧ ಜನ ಸುಮ್ಮನೆ ಕೂತಿರುತ್ತಾರೆ, ಅಜ್ಜಿಯ ಮೇಕಪ್ ಮಾತ್ರ ಮುಗಿದಿರುವುದಿಲ್ಲ. ಪ್ರತಿಯೊಬ್ಬರ ವೇಳೆಯನ್ನೂ ಬೇರೆ ಬೇರೆಯಾಗಿ ಹಿಂದಕ್ಕೆ ಎಣಿಸಬೇಕು.

ಅಜ್ಜಿಯ ಲೆಕ್ಕ ನೋಡಿ. ಒಂದು ರಿಹರ್ಸಲ್‌ಗೆ ಜಾಗ ಬೇಕು, ಆದ್ದರಿಂದ 7:00ಕ್ಕೆ ಅವರು ಮೆಟ್ಟಿಲ ಮೇಲಿರಬೇಕು. ಮೇಕಪ್ ನಡೆಯುವ ಮನೆಯಿಂದ ಕಲ್ಯಾಣಿಗೆ ನಡೆಯಲು 10 ನಿಮಿಷ. ಸೀರೆಗೆ 20. ಸುಕ್ಕು, ನರೆ ಎಲ್ಲ ಸೇರಿ ಮೇಕಪ್‌ಗೆ 60. ಅಲ್ಲಿಗೆ 5:30. ಕಾರಿಳಿದು ಕಾಫಿ ಕುಡಿಯಲು 15 ನಿಮಿಷ ಕೊಟ್ಟರೆ 5:15ಕ್ಕೆ ಮೇಲುಕೋಟೆ ತಲುಪಿರಬೇಕು. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಕತ್ತಲು, ಚಳಿಗಾಲದ ಮಂಜು ಎಂದು ಒಂದೂಕಾಲು ಗಂಟೆ ಹಿಡಿಯಿರಿ. ಹೋಟೆಲ್ ಬಾಗಿಲಿಗೆ ಕಾರು 4:00ಕ್ಕೆ.

ಮಗನ ಪಾತ್ರದವರಿಗೆ ಮೇಕಪ್ಪೂ ಬಟ್ಟೆಯೂ ಸೇರಿ ಅರ್ಧ ಗಂಟೆ ಸಾಕು. ಅವರು 6:15ಕ್ಕೆ ತಲುಪಿದರೆ ಆಯಿತು, ಕಾರು 5:00ಕ್ಕೆ. ಅಂದರೆ ಎರಡು ಕಾರು ಬೇಕು. ಒಂದೇ ಕಾರು ಸಾಕೆಂದು ಮ್ಯಾನೇಜರ್ ಹೇಳಿದರೆ ಮಗನಿಗೂ 4:00 ಎಂದೇ ಬರೆಯಬೇಕಾಗುತ್ತದೆ. ಅದು ನೀವು ತೀರ್ಮಾನಿಸುವ ವಿಷಯವಲ್ಲ. ಲೆಕ್ಕ ತೋರಿಸಿ, ಅವರೇ ಹೇಳಲಿ.

ಇನ್ನು ಬಹಳ ಜನ ಮರೆಯುವುದು: ಅಜ್ಜಿ ಕೂರುವ ಹೊತ್ತಿಗೆ ಮೇಕಪ್‌ನವರು ಪೆಟ್ಟಿಗೆ ಬಿಚ್ಚಿ, ಕನ್ನಡಿಗೆ ದೀಪ ಹಾಕಿಕೊಂಡು ಕಾಯುತ್ತಿರಬೇಕು. ಅವರು 5:00ಕ್ಕೇ ಅಲ್ಲಿರಬೇಕು. ಅವರಿಗೂ ಮೊದಲು ಆ ಮನೆಯ ಬೀಗ ತೆಗೆಯುವವರು, ಕಾಫಿ ಕಾಯಿಸುವ ಪ್ರೊಡಕ್ಷನ್ ಹುಡುಗರು 4:45ಕ್ಕೆ. ಹಾಗಾಗಿ ಮೈಸೂರು ಬಿಡುವ ಮೊದಲ ವಾಹನ 3:30ಕ್ಕೆ. ಕ್ಯಾಮೆರಾ, ಸೌಂಡ್‌ನವರು 6:00ಕ್ಕೆ ತಲುಪಿದರೂ ಒಂದು ಗಂಟೆ ಸಿಗುತ್ತದೆ.

ಲೆಕ್ಕ ಮುಗಿದ ಮೇಲೆ ನಿದ್ದೆಯನ್ನೂ ಎಣಿಸಿ. ಇವತ್ತು ರಾತ್ರಿ ಒಂಬತ್ತಕ್ಕೆ ಪ್ಯಾಕಪ್ ಆಗಿ ಹಿರಿಯ ಕಲಾವಿದೆ ಹತ್ತಕ್ಕೆ ರೂಮು ಸೇರಿದರೆ, ನಾಲ್ಕಕ್ಕೆ ಕಾರು ಹತ್ತಿ ಎನ್ನುವುದು ಅನ್ಯಾಯ. ನಾಲ್ಕು ಗಂಟೆಗೇ ಕೆಲಸ ಶುರು ಮಾಡಿ ಎಂದದ್ದು ಇದಕ್ಕೇ. ಆಗ ಅಸೋಸಿಯೇಟ್ ಹತ್ತಿರ ‘ಸರ್, ಅಮ್ಮನ ಶಾಟ್‌ಗಳನ್ನ ಮೊದಲು ಮುಗಿಸಿ ಆರಕ್ಕೆ ಬಿಟ್ಟುಬಿಡೋಣ್ವಾ?’ ಎಂದು ಕೇಳಲು ಇನ್ನೂ ಸಮಯ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಕೇಳಿ ಪ್ರಯೋಜನವಿಲ್ಲ.

ಹಂತ 3: ಹಾಳೆ ತುಂಬಿ

ತಲೆಬರಹದಲ್ಲಿ ಚಿತ್ರದ ಹೆಸರು, ತಾರೀಖು, ವಾರ, ಶೂಟಿಂಗಿನ ಎಷ್ಟನೇ ದಿನ, ಸೂರ್ಯೋದಯ, ಸೂರ್ಯಾಸ್ತ. ಅದರ ಕೆಳಗೆ ಲೊಕೇಶನ್ ವಿಳಾಸ, ಮ್ಯಾಪ್ ಲಿಂಕ್, ಗಾಡಿ ನಿಲ್ಲಿಸುವ ಜಾಗ, ಹತ್ತಿರದ ಆಸ್ಪತ್ರೆ, ಮ್ಯಾನೇಜರ್ ನಂಬರ್. ಅನುಮತಿ ಪತ್ರ ಯಾರ ಕೈಯಲ್ಲಿದೆ ಎಂಬುದನ್ನೂ ಬರೆಯಿರಿ. ಬೆಳಿಗ್ಗೆ ಯಾರಾದರೂ ಬಂದು ಕೇಳಿದಾಗ ಅದು ಹೋಟೆಲ್ ರೂಮಿನಲ್ಲಿದ್ದರೆ ಕೆಲಸ ನಿಂತಂತೆಯೇ.

ನಂತರ ದೃಶ್ಯಗಳ ಪಟ್ಟಿ, ಕಥೆಯ ಕ್ರಮದಲ್ಲಲ್ಲ, ತೆಗೆಯುವ ಕ್ರಮದಲ್ಲಿ. ದೃಶ್ಯದ ಸಂಖ್ಯೆ, ಒಳಗೋ ಹೊರಗೋ, ಹಗಲೋ ರಾತ್ರಿಯೋ, ಒಂದು ಸಾಲಿನ ಸಾರಾಂಶ, ಪಾತ್ರಗಳು. ಜೊತೆಗೆ ಕಥೆಯಲ್ಲಿ ಅದು ಎಷ್ಟನೇ ದಿನ ಎಂಬುದು. ಕಲ್ಯಾಣಿಯ ದೃಶ್ಯವೂ ಮನೆಯ ದೃಶ್ಯವೂ ಕಥೆಯಲ್ಲಿ ಒಂದೇ ದಿನದವಾದರೆ ಅಜ್ಜಿಯ ಸೀರೆ ಅದೇ ಇರಬೇಕು. ಆದರೆ ಬೆಳಿಗ್ಗೆ ಕೊಡ ತುಂಬಿಸುವಾಗ ಅದು ನೆನೆದಿರುತ್ತದೆ. ‘ಅದೇ ಸೀರೆ, ಎರಡು’ ಎಂಬ ಸಾಲು ಹಾಳೆಯಲ್ಲಿದ್ದರೆ ಕಾಸ್ಟ್ಯೂಮ್‌ನವರು ಇವತ್ತು ರಾತ್ರಿಯೇ ಹೊಂದಿಸುತ್ತಾರೆ.

ಆಮೇಲೆ ಕಲಾವಿದರ ಪಟ್ಟಿ: ಕಾರು, ತಲುಪುವುದು, ಮೇಕಪ್, ಸೆಟ್‌ಗೆ ಸಿದ್ಧ ಎಂಬ ನಾಲ್ಕು ವೇಳೆ. ಕೊನೆಗೆ ಒಂದೊಂದು ವಿಭಾಗಕ್ಕೂ ಬೇಕಾದ್ದು: ಪ್ರಾಪರ್ಟಿಗೆ ಕೊಡ, ಮಗನ ಚೀಲ, ಪ್ರೊಡಕ್ಷನ್‌ಗೆ ಎಷ್ಟು ಜನರ ತಿಂಡಿ, ಊಟ. ಸಂಖ್ಯೆ ಹಾಕುವಾಗ ಡ್ರೈವರ್‌ಗಳನ್ನು ಮರೆಯಬೇಡಿ.

ಹಂತ 4: ಕಳಿಸುವ ಮೊದಲು ಲಿಂಕ್ ಒತ್ತಿ ನೋಡಿ

ಎಲ್ಲರೂ ನಿನ್ನೆಯ ಫೈಲ್ ಮೇಲೆಯೇ ಇವತ್ತಿನದು ಬರೆಯುತ್ತಾರೆ, ನಾನೂ ಹಾಗೇ. ಒಮ್ಮೆ ವಿಳಾಸ ಬದಲಿಸಿ ಮ್ಯಾಪ್ ಲಿಂಕ್ ಬದಲಿಸಲು ಮರೆತೆ. ಡ್ರೈವರ್ ವಿಳಾಸ ಓದುವುದಿಲ್ಲ, ಲಿಂಕ್ ಒತ್ತುತ್ತಾನೆ. ಲೈಟ್ ಗಾಡಿ ಹಿಂದಿನ ದಿನದ ಲೊಕೇಶನ್ ಮುಂದೆ ನಿಂತು ನನಗೆ ಫೋನ್ ಮಾಡಿತು. ಒಂದೂವರೆ ಗಂಟೆ ಹೋಯಿತು. ಅಂದಿನಿಂದ ತಾರೀಖು, ವಾರ, ದಿನದ ಸಂಖ್ಯೆ, ಲಿಂಕ್ ಈ ನಾಲ್ಕನ್ನು ಮೊದಲು ಅಳಿಸಿ, ಆಮೇಲೆ ಬರೆಯಲು ಕೂರುತ್ತೇನೆ. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಹಳೆಯ ಅಕ್ಷರ ಬೀಳುವುದಿಲ್ಲ.

ಅಸೋಸಿಯೇಟ್, ಮ್ಯಾನೇಜರ್ ಇಬ್ಬರೂ ನೋಡಿ ಒಪ್ಪಿದ ಮೇಲಷ್ಟೇ ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿ. ಫೈಲ್ ಹೆಸರಿನಲ್ಲೇ ದಿನ ಇರಲಿ: `CallSheet_Day06_v1.pdf`. ಏನಾದರೂ ಬದಲಾದರೆ v2 ಕಳಿಸಿ, ಬದಲಾದ ಸಾಲನ್ನು ಬಣ್ಣದಲ್ಲಿ ತೋರಿಸಿ, ಹಳೆಯದನ್ನು ಗುಂಪಿನಿಂದ ಅಳಿಸಿ.

ಹಂತ 5: ಫೋನ್ ಮಾಡಿ

ನೀಲಿ ಗೆರೆ ಬಂತೆಂದರೆ ಓದಿದ್ದಾರೆ ಎಂದಲ್ಲ. 5:30ರ ಒಳಗೆ ತಲುಪಬೇಕಾದ ಪ್ರತಿಯೊಬ್ಬರಿಗೂ, ಎಲ್ಲ ಡ್ರೈವರ್‌ಗಳಿಗೂ ಮಾತಾಡಿ. ‘ನಾಳೆ ಎಷ್ಟು ಹೊತ್ತಿಗೆ ಅಣ್ಣ?’ ಎಂದು ಕೇಳಿ, ಅವರ ಬಾಯಲ್ಲೇ ‘ಮೂರೂವರೆ’ ಬರಲಿ. ನೀವೇ ವೇಳೆ ಹೇಳಿದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ.

ಎಲ್ಲರ ಉತ್ತರ ಬಂದ ಮೇಲೆ ನಿಮ್ಮ ಅಲಾರಂ ಇಟ್ಟುಕೊಳ್ಳಿ. 3:30ರ ಗಾಡಿಯಲ್ಲಿ ನೀವೂ ಇದ್ದೀರಿ.