ಸುಧಾರಣಾ ನೋಟಿಸ್ ಬಂದಾಗ ಮುಖಪತ್ರದಲ್ಲಿ ಏನು ಕೇಳಬೇಕು?

ಪುತ್ತೂರು ತಾಲೂಕಿನ ಬೆಟ್ಟಂಪಾಡಿಯಲ್ಲಿ ಪೇಟೆಯ ಬದಿಗೆ ಒಂದು ಸಣ್ಣ ಹೋಟೆಲ್ ಇದೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಇಡ್ಲಿ, ನೀರುದೋಸೆ. ಮಧ್ಯಾಹ್ನ ಕುಚ್ಚಲಕ್ಕಿ ಊಟ. ನೀರು ಹಿತ್ತಲಿನ ಬಾವಿಯದ್ದು. ಒಂದು ದಿನ ಆಹಾರ ಸುರಕ್ಷತಾ ಅಧಿಕಾರಿ ಬಂದು ಅಡುಗೆಮನೆ ನೋಡಿ ಹೋಗುತ್ತಾರೆ. ಕೆಲವು ದಿನಗಳಲ್ಲಿ ಮಂಗಳೂರಿನಿಂದ ಅಂಕಿತಾಧಿಕಾರಿಯ ಸಹಿಯಿರುವ ಸುಧಾರಣಾ ನೋಟಿಸ್ ಕೈಸೇರುತ್ತದೆ. ಅದರಲ್ಲಿ ನಾಲ್ಕು ಕೊರತೆಗಳಿವೆ. ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದು, ಕೆಲಸದವರ ವೈದ್ಯಕೀಯ ಪ್ರಮಾಣಪತ್ರ ಇಲ್ಲದ್ದು, ಬಾವಿ ನೀರಿನ ಪರೀಕ್ಷಾ ವರದಿ ಇಲ್ಲದ್ದು, ಅಡುಗೆಮನೆಯ ಗೋಡೆ ಉದುರುತ್ತಿರುವುದು.

ಹೆಚ್ಚಿನವರು ಇಲ್ಲಿ ಒಂದೇ ತಪ್ಪು ಮಾಡುತ್ತಾರೆ. ಕೊರತೆಗಳನ್ನು ಪ್ರಾಮಾಣಿಕವಾಗಿ ಸರಿಪಡಿಸುತ್ತಾರೆ, ನಾಲ್ಕು ಫೋಟೊ ತೆಗೆಯುತ್ತಾರೆ, ‘ಎಲ್ಲ ಸರಿಪಡಿಸಲಾಗಿದೆ, ದಯವಿಟ್ಟು ಪರಿಗಣಿಸಿ’ ಎಂದು ಬರೆದು ಕಳಿಸುತ್ತಾರೆ. ಏನನ್ನು ಪರಿಗಣಿಸಬೇಕು? ಪತ್ರದಲ್ಲಿ ಅದು ಇಲ್ಲ. ಕಡತ ತೆರೆದೇ ಉಳಿಯುತ್ತದೆ. ಆರು ತಿಂಗಳ ನಂತರ ಬೇರೆ ಅಧಿಕಾರಿ ಬಂದಾಗ, ಹಳೆಯ ನೋಟಿಸ್ ಪಾಲನೆಯಾಗಿಲ್ಲ ಎಂದೇ ಕಾಣುತ್ತದೆ.

ಈ ನೋಟಿಸಿನ ಮೂಲ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೇ ಕಲಂ. ಯಾವ ಕಾರಣಕ್ಕೆ ನೋಟಿಸ್, ಯಾವ ವಿಷಯದಲ್ಲಿ ಕೊರತೆ, ಏನು ಕ್ರಮ ಆಗಬೇಕು ಎಂಬ ಮೂರನ್ನೂ ಅಂಕಿತಾಧಿಕಾರಿ ಬರೆದು ತಿಳಿಸಬೇಕು. ಸರಿಪಡಿಸಲು ಕೊಡುವ ಕಾಲಾವಕಾಶ 14 ದಿನಕ್ಕಿಂತ ಕಡಿಮೆ ಇರುವಂತಿಲ್ಲ. ಪಾಲಿಸದಿದ್ದರೆ ಪರವಾನಗಿ ಅಮಾನತಾಗಬಹುದು. ಆಮೇಲೂ ಸರಿಪಡಿಸದಿದ್ದರೆ, ಕಾರಣ ಹೇಳುವ ಅವಕಾಶ ಕೊಟ್ಟ ಬಳಿಕ ರದ್ದೇ ಆಗಬಹುದು. ಜನರ ಆರೋಗ್ಯಕ್ಕೆ ಅಪಾಯವಿದೆ ಎಂದು ಕಂಡರೆ, ಕಾರಣ ದಾಖಲಿಸಿ ತಕ್ಷಣವೇ ಅಮಾನತು ಮಾಡುವ ಅಧಿಕಾರವೂ ಉಂಟು.

ಇದೇ ಕಲಮಿನಲ್ಲಿ ಹೋಟೆಲಿನವರ ಪರವಾಗಿ ಎರಡು ಮಾತುಗಳಿವೆ, ಮುಖಪತ್ರ ನಿಲ್ಲುವುದೇ ಅವುಗಳ ಮೇಲೆ. ಮೊದಲನೆಯದು, ನೋಟಿಸಿನಲ್ಲಿ ಹೇಳಿದ ಕ್ರಮವನ್ನೇ ಕೈಗೊಳ್ಳಬೇಕೆಂದಿಲ್ಲ; ಅದಕ್ಕೆ ಕನಿಷ್ಠ ಸಮನಾದ ಬೇರೆ ಕ್ರಮವೂ ಆಗುತ್ತದೆ. ಎರಡನೆಯದು, ಸುಧಾರಣೆ ಆಗಿದೆ ಎಂಬ ದೃಢೀಕರಣ ಪತ್ರ ಕೊಡಲು ನಿರಾಕರಿಸಿದರೆ, ಆ ನಿರಾಕರಣೆಯ ಮೇಲೆ ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ ಹೋಗಬಹುದು. ದೃಢೀಕರಣ ಕೇಳಿಯೇ ಇಲ್ಲವಾದರೆ ನಿರಾಕರಣೆ ಎಲ್ಲಿಂದ ಬರಬೇಕು? ಹಾಗಾಗಿ ಆ ಕೋರಿಕೆ ಪತ್ರದಲ್ಲಿ ಅಕ್ಷರಶಃ ಇರಬೇಕು.

ಈಗ ಪತ್ರ. ನೋಟಿಸಿನ ದಿನಾಂಕ ಮಾರ್ಚ್ 3, ಕೈಗೆ ಸಿಕ್ಕಿದ್ದು ಮಾರ್ಚ್ 6, ಕೊಟ್ಟ ಅವಧಿ ಸಿಕ್ಕಿದ ದಿನದಿಂದ 14 ದಿನ ಎಂದುಕೊಂಡರೆ ಕೊನೆಯ ದಿನ ಮಾರ್ಚ್ 20. ಪತ್ರ ಹೀಗಿರಬಹುದು:

ಇವರಿಗೆ: ಅಂಕಿತಾಧಿಕಾರಿಗಳು, ಆಹಾರ ಸುರಕ್ಷತೆ ಮತ್ತು ಗುಣಮಟ್ಟ, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು.

ವಿಷಯ: ಸುಧಾರಣಾ ನೋಟಿಸಿಗೆ ಅನುಪಾಲನಾ ವರದಿ ಸಲ್ಲಿಕೆ ಹಾಗೂ ಸುಧಾರಣೆಯ ದೃಢೀಕರಣ ಪತ್ರ ನೀಡುವಂತೆ ಕೋರಿಕೆ.

ಉಲ್ಲೇಖ: 1) ತಮ್ಮ ನೋಟಿಸ್ ಸಂಖ್ಯೆ ........, ದಿನಾಂಕ ಮಾರ್ಚ್ 3 (ಸ್ವೀಕರಿಸಿದ್ದು ಮಾರ್ಚ್ 6). 2) ಪರವಾನಗಿ ಸಂಖ್ಯೆ ........ (14 ಅಂಕಿ). 3) ಸ್ಥಳ ಪರಿಶೀಲನೆಯ ದಿನಾಂಕ ........

ಮಾನ್ಯರೇ, ಉಲ್ಲೇಖ 1ರ ನೋಟಿಸಿನಲ್ಲಿರುವ ನಾಲ್ಕು ಅಂಶಗಳ ಪೈಕಿ 1, 2 ಮತ್ತು 4ನೇ ಅಂಶಗಳನ್ನು ಪೂರ್ಣವಾಗಿ ಪಾಲಿಸಲಾಗಿದೆ. 4ನೇ ಅಂಶದಲ್ಲಿ ಗೋಡೆಗೆ ಟೈಲ್ಸ್ ಹಾಕಲು ಸೂಚಿಸಲಾಗಿತ್ತು. ಅದರ ಬದಲು ಸಡಿಲ ಗಾರೆ ಕೆತ್ತಿ, ಸಿಮೆಂಟ್ ನುಣುಪು ಗಾರೆ ಮಾಡಿ, ತೊಳೆಯಬಹುದಾದ ಬಣ್ಣ ಬಳಿಯಲಾಗಿದೆ. ಇದನ್ನು ಕಲಂ 32(1)ರಂತೆ ಸಮಾನ ಕ್ರಮವೆಂದು ಒಪ್ಪಬೇಕು. 3ನೇ ಅಂಶದ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡಲಾಗಿದೆ, ವರದಿ ಮಾರ್ಚ್ 24ರೊಳಗೆ ಸಿಗಲಿದೆ.

ಕೋರಿಕೆ: (ಅ) 3ನೇ ಅಂಶಕ್ಕೆ ಮಾತ್ರ ಮಾರ್ಚ್ 27ರವರೆಗೆ ಸಮಯ ನೀಡಬೇಕು. (ಆ) ನೀರಿನ ವರದಿ ಸಲ್ಲಿಸಿದ ಮೇಲೆ ಮರು ಪರಿಶೀಲನೆ ನಡೆಸಬೇಕು. (ಇ) ಸುಧಾರಣೆಯ ದೃಢೀಕರಣ ಪತ್ರವನ್ನು ಲಿಖಿತವಾಗಿ ನೀಡಬೇಕು. ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.

ಅಡಕಗಳು: 1) ಅನುಪಾಲನಾ ವರದಿ, ಪುಟ 1–2. 2) ಇಡ್ಲಿ ತಟ್ಟೆಗೆ ಬಟ್ಟೆ ಬಳಸುತ್ತಿರುವ ಫೋಟೊ, ಪುಟ 3. 3) ಮೂವರು ಕೆಲಸದವರ ವೈದ್ಯಕೀಯ ಪ್ರಮಾಣಪತ್ರ, ಪುಟ 4–6. 4) ನೀರಿನ ಮಾದರಿ ಕೊಟ್ಟ ರಸೀದಿ, ಪುಟ 7. 5) ಗೋಡೆಯ ಮೊದಲಿನ ಮತ್ತು ಈಗಿನ ಫೋಟೊ, ಪುಟ 8–9.

ಇಷ್ಟೇ. ಒಂದು ಹಾಳೆ ಮೀರುವುದು ಬೇಡ. ವಿವರಗಳಿಗೆ ಜಾಗ ವರದಿಯಲ್ಲಿದೆ. ವರದಿಯನ್ನು ನೋಟಿಸಿನ ಕ್ರಮಸಂಖ್ಯೆಯಲ್ಲೇ ಬರೆಯಬೇಕು: ನೋಟಿಸಿನ ಮಾತು, ಕೈಗೊಂಡ ಕ್ರಮ, ದಿನಾಂಕ, ಯಾವ ಪುಟದಲ್ಲಿ ದಾಖಲೆ. ಅಧಿಕಾರಿಯ ಮೇಜಿನಲ್ಲಿ ನೋಟಿಸ್ ಒಂದು ಕಡೆ, ವರದಿ ಇನ್ನೊಂದು ಕಡೆ ಇಟ್ಟರೆ ಸಾಲಿಗೆ ಸಾಲು ಹೊಂದಬೇಕು. ಹೊಂದದಿದ್ದರೆ ಕಡತ ಹಿಂದಕ್ಕೆ ಬರುತ್ತದೆ.

ನೀರಿನ ವಿಷಯದಲ್ಲಿ ಸತ್ಯವನ್ನೇ ಬರೆದದ್ದನ್ನು ಗಮನಿಸಿ. ವರದಿ ಬಾರದೆ ‘ನೀರು ಶುದ್ಧವಿದೆ’ ಎಂದು ಬರೆಯುವ ಆಸೆ ಸಹಜ. ಕುಡಿಯುವ ನೀರಿನ ಮಾನದಂಡದಂತೆ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಕಾಣಲೇಬಾರದು. ಬಾವಿ ನೀರು ಕಣ್ಣಿಗೆ ತಿಳಿಯಾಗಿದ್ದರೂ ಈ ಪರೀಕ್ಷೆಯಲ್ಲಿ ಸೋಲಬಹುದು. ಸುಳ್ಳು ಮಾಹಿತಿ ಕೊಡುವುದು ಕಾಯ್ದೆಯ 61ನೇ ಕಲಮಿನಡಿ ಪ್ರತ್ಯೇಕ ತಪ್ಪು. ಸಣ್ಣ ಕೊರತೆ ಮುಚ್ಚಲು ಹೋಗಿ ದೊಡ್ಡದನ್ನು ತಲೆಗೆ ಕಟ್ಟಿಕೊಂಡಂತಾಗುತ್ತದೆ.

ಇಡ್ಲಿಯ ಪ್ಲಾಸ್ಟಿಕ್ ಹಾಳೆ ಸಣ್ಣ ವಿಷಯವಲ್ಲ. ಬಿಸಿ ತಾಗಿದಾಗ ಪ್ಲಾಸ್ಟಿಕಿನಿಂದ ಹಾನಿಕರ ಅಂಶ ಆಹಾರಕ್ಕೆ ಸೇರುತ್ತದೆ ಎಂಬ ಕಾರಣಕ್ಕೆ 2025ರ ಫೆಬ್ರವರಿ ಕೊನೆಯಲ್ಲಿ ರಾಜ್ಯದ ಆರೋಗ್ಯ ಸಚಿವರು ಇಡ್ಲಿ ತಯಾರಿಕೆಯಲ್ಲಿ ಅದರ ಬಳಕೆಯನ್ನು ನಿಷೇಧಿಸುವುದಾಗಿ ಪ್ರಕಟಿಸಿದ್ದರು. ಇಲ್ಲಿ ‘ಸಮಾನ ಕ್ರಮ’ದ ವಾದಕ್ಕೆ ಎಡೆಯಿಲ್ಲ, ಹಾಳೆ ತೆಗೆಯಲೇಬೇಕು. ಗೋಡೆಯದು ಹಾಗಲ್ಲ. 2011ರ ಪರವಾನಗಿ ನಿಯಮಾವಳಿಯ 4ನೇ ಅನುಸೂಚಿ ಕೇಳುವುದು ಸ್ವಚ್ಛ, ನುಣುಪಾದ, ಉದುರದ ಗೋಡೆಯನ್ನು. ಬಾಡಿಗೆ ಕಟ್ಟಡದಲ್ಲಿ ಟೈಲ್ಸ್ ಹಾಕಲು ಮಾಲಕರು ಒಪ್ಪದಿದ್ದರೆ ಆ ಗುಣವನ್ನು ಬೇರೆ ರೀತಿಯಲ್ಲಿ ಸಾಧಿಸಿ ತೋರಿಸಬಹುದು.

ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಅನುಪಾಲನಾ ವರದಿ ಕೊಟ್ಟ ಮಾತ್ರಕ್ಕೆ ಮೇಲ್ಮನವಿಯ ಗಡಿಯಾರ ನಿಲ್ಲುವುದಿಲ್ಲ. ನೋಟಿಸೇ ಸರಿಯಿಲ್ಲ ಎಂದು ಪ್ರಶ್ನಿಸಬೇಕಿದ್ದರೆ, ಸಿಕ್ಕಿದ ದಿನದಿಂದ 15 ದಿನ ಅಥವಾ ನೋಟಿಸಿನಲ್ಲಿ ಕೊಟ್ಟ ಅವಧಿ, ಯಾವುದು ಮೊದಲು ಮುಗಿಯುತ್ತದೋ ಅಷ್ಟೇ ಸಮಯ. ನಮ್ಮ ಉದಾಹರಣೆಯಲ್ಲಿ 15 ದಿನ ಮುಗಿಯುವುದು ಮಾರ್ಚ್ 21ಕ್ಕೆ, ನೋಟಿಸಿನ ಅವಧಿ 20ಕ್ಕೆ. ಹಾಗಾಗಿ 20 ಕಡೆಯ ದಿನ. ಹೆಚ್ಚುವರಿ ಸಮಯ ಕೇಳಿದ್ದೇವೆ, ಸಿಕ್ಕೇ ಸಿಗುತ್ತದೆ ಎಂದು ಕೂರುವಂತೆಯೂ ಇಲ್ಲ. ದೃಢೀಕರಣ ನಿರಾಕರಿಸಿದ ಆದೇಶ ಬಂದರೆ, ಆ ಆದೇಶ ಕೈಸೇರಿದ ದಿನದಿಂದ 15 ದಿನಗಳ ಲೆಕ್ಕ ಬೇರೆ ಶುರುವಾಗುತ್ತದೆ. ಆಯುಕ್ತರ ತೀರ್ಮಾನವೇ ಅಂತಿಮ ಎಂದು ಕಾಯ್ದೆ ಹೇಳುತ್ತದೆ.

ಪತ್ರವನ್ನು ಎರಡು ಪ್ರತಿ ಮಾಡಿ ಒಯ್ಯಬೇಕು. ಕಚೇರಿಯಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಪಡೆಯಬೇಕು. ಮಂಗಳೂರಿಗೆ ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ನೋಟಿಸ್ ಪರವಾನಗಿಯ ತಾಣವಾದ foscos.fssai.gov.in ಮೂಲಕ ಬಂದಿದ್ದರೆ ಅಲ್ಲಿಯೂ ಉತ್ತರ ಏರಿಸಬೇಕು. ಸೀಲು ಬಿದ್ದ ಆ ಪ್ರತಿ, ಮುಂದೆ ಸಿಗುವ ದೃಢೀಕರಣ ಪತ್ರ, ಇವೆರಡನ್ನೂ ಪರವಾನಗಿಯ ಕಡತದಲ್ಲೇ ಇಡಿ. ಮುಂದಿನ ಪರಿಶೀಲನೆಗೆ ಅಧಿಕಾರಿ ಬಂದ ದಿನ ಮೊದಲು ತೆಗೆದು ತೋರಿಸಬೇಕಾದದ್ದು ಅವನ್ನೇ.