ಬಳಪದ ಕಲ್ಲಿನ ಮೇಲಿನ ಸುಣ್ಣ ಬಿಡಿಸುವ ಬಗೆ

ಹಾಸನ ಸೀಮೆಯ ಒಂದು ಹಳ್ಳಿ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ದಿನ ಗೊತ್ತಾಗಿತ್ತು. ಗರ್ಭಗುಡಿಯ ಬಾಗಿಲವಾಡಕ್ಕೆ ತಲೆಮಾರುಗಳಿಂದ ಸುಣ್ಣ ಬಳಿದು ಬಳಿದು ದ್ವಾರಪಾಲಕರ ಮುಖವೇ ಮುಚ್ಚಿಹೋಗಿತ್ತು. ದೀಪದ ಕಡೆಯ ಪಟ್ಟಿಕೆಗೆ ಎಣ್ಣೆಮಸಿ ಬೇರೆ. ಗುತ್ತಿಗೆದಾರರೊಬ್ಬರು ಕಂಪ್ರೆಸರ್ ತಂದು, ಎರಡೇ ದಿನದಲ್ಲಿ ಎಲ್ಲವನ್ನೂ ಹೊಸದರಂತೆ ಮಾಡಿಕೊಡುತ್ತೇವೆ ಎಂದು ನವರಂಗದ ಒಂದು ಕಂಬದ ಬುಡಕ್ಕೆ ಮರಳು ಹೊಡೆದು ಮಾದರಿಯನ್ನೂ ತೋರಿಸಿದ್ದರು. ಸಮಿತಿಯವರು ನನ್ನನ್ನು ಕರೆಸಿದ್ದು ಆಮೇಲೆ.

ದೂರದಿಂದ ನೋಡಿದರೆ ಆ ಕಂಬದ ಬುಡ ಬೆಳ್ಳಗೆ, ಚೊಕ್ಕಟವಾಗಿ ಕಾಣುತ್ತಿತ್ತು. ಟಾರ್ಚನ್ನು ಕಲ್ಲಿಗೆ ತಾಗಿಸಿ ಹಿಡಿದು ಬೆಳಕನ್ನು ಓರೆಯಾಗಿ ಬಿಟ್ಟೆ. ಕಂಬದ ಮೇಲ್ಭಾಗದಲ್ಲಿ ಮಣಿಸರದ ಒಂದೊಂದು ಮಣಿಗೂ ಅದರದೇ ನೆರಳಿತ್ತು. ಮರಳು ತಾಗಿದ ಕಡೆ ಮಣಿಗಳು ಒಂದಕ್ಕೊಂದು ಅಂಟಿಕೊಂಡ ಹುಂಡುಗಳಂತಾಗಿದ್ದವು. ಕೈಯಾಡಿಸಿದರೆ ಸ್ಯಾಂಡ್ ಪೇಪರ್ ಸವರಿದ ಹಾಗೆ. ಎರಡೂ ಕಡೆ ಒಂದೊಂದು ಹನಿ ನೀರಿಟ್ಟೆ. ಹಳೆಯ ಮೈಯ ಮೇಲೆ ಹನಿ ಬಹಳ ಹೊತ್ತು ಹಾಗೆಯೇ ನಿಂತಿತ್ತು. ಮರಳು ಹೊಡೆದ ಕಡೆ ನೋಡುನೋಡುತ್ತಲೇ ಇಂಗಿ ಕಪ್ಪು ಮಚ್ಚೆಯಾಯಿತು. ನಿಮ್ಮೂರಿನ ಗುಡಿಗೆ ಯಾರಾದರೂ ಮರಳು ಹೊಡೆಸಿದ್ದಾರೆಯೇ ಎಂದು ತಿಳಿಯಲು ಈ ಮೂರು ಪರೀಕ್ಷೆಗಳು ಸಾಕು: ಓರೆ ಬೆಳಕು, ಬೆರಳು, ಒಂದು ಹನಿ ನೀರು.

ಮರಳು ಮಾಡುವ ಕೆಲಸ

ಬೇಲೂರು, ಹಳೇಬೀಡು, ಸೋಮನಾಥಪುರಗಳ ಶಿಲ್ಪಿಗಳು ಬಳಪದ ಕಲ್ಲನ್ನು ಆರಿಸಿಕೊಂಡದ್ದು ಅದು ಮೃದುವೆಂಬ ಕಾರಣಕ್ಕೆ. ಗಣಿಯಿಂದ ಆಗತಾನೇ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಮೈ ಗಟ್ಟಿಯಾಗುತ್ತದೆ. ಆದರೂ ಅದರೊಳಗಿನ ಖನಿಜಗಳು ಮೆತ್ತನೆಯವೇ. ಗಡಸುತನ ಅಳೆಯುವ ಮೋಹ್ಸ್ ಮಾಪಕದಲ್ಲಿ ಟಾಲ್ಕ್ 1ರಲ್ಲಿದೆ, ಕ್ಲೋರೈಟ್ 2ರ ಆಸುಪಾಸಿನಲ್ಲಿದೆ. ಮರಳಿನ ಹರಳು 7. ಮುಖಕ್ಕೆ ಹಚ್ಚುವ ಪೌಡರಿನ ಖನಿಜದಿಂದಾದ ಕಲ್ಲಿಗೆ ಗಾಜನ್ನು ಗೀರಬಲ್ಲ ಹರಳನ್ನು ಗಾಳಿಯ ರಭಸದಲ್ಲಿ ಎಸೆದರೆ ಏನಾದೀತು?

ಮರಳಿಗೆ ಸುಣ್ಣ ಯಾವುದು, ಕಲ್ಲು ಯಾವುದು ಎಂದು ತಿಳಿಯುವುದಿಲ್ಲ. ಕಟ್ಟಿದ ಸುಣ್ಣವೇ ಬಳಪದ ಕಲ್ಲಿಗಿಂತ ಗಡುಸಾಗಿರುವುದುಂಟು. ಆಗ ಸುಣ್ಣ ಬಿಡುವಷ್ಟು ಜೋರಾಗಿ ಹೊಡೆದರೆ ಕಲ್ಲು ಅದಕ್ಕಿಂತ ಹೆಚ್ಚು ಸವೆಯುತ್ತದೆ. ಮೊದಲು ಹೋಗುವುದು ಮುಂದೆ ಚಾಚಿಕೊಂಡದ್ದು: ಮೂಗಿನ ತುದಿ, ಬೆರಳು, ಕಿರೀಟದ ಅಂಚು. ಕೊರೆದ ಆಳದಲ್ಲಿನ ಕೊಳೆ ಅಲ್ಲೇ ಉಳಿಯುತ್ತದೆ, ಏಕೆಂದರೆ ಮರಳು ಅಲ್ಲಿಗೆ ನೇರವಾಗಿ ತಲುಪದು. ಶಾಸನದ ಅಕ್ಷರಗಳಂತೂ ಕೆಲವೆಡೆ ಒಂದು ಅಕ್ಕಿಕಾಳಿನ ದಪ್ಪಕ್ಕಿಂತ ಆಳವಿರುವುದಿಲ್ಲ.

ಕಾಲಾಂತರದಲ್ಲಿ ಗಟ್ಟಿಯಾದ ಹೊರಪದರ ಹಾರಿಹೋದ ಮೇಲೆ ಕಲ್ಲಿನ ಮೈಯಲ್ಲಿ ಸೂಕ್ಷ್ಮ ಕುಳಿಗಳೂ ಬಿರುಕುಗಳೂ ಉಳಿಯುತ್ತವೆ. ಮಳೆನೀರು ಅಲ್ಲಿ ನಿಲ್ಲುತ್ತದೆ, ಧೂಳು ಕೂರುತ್ತದೆ, ಪಾಚಿಗೆ ನೆಲೆ ಸಿಗುತ್ತದೆ. ಹೀಗಾಗಿ ಮರಳು ಹೊಡೆಸಿದ ಗೋಡೆ ಮೊದಲಿಗಿಂತ ಬೇಗ ಕಪ್ಪಾಗುತ್ತದೆ, ಸಮಿತಿಯವರು ಮತ್ತೆ ಕಂಪ್ರೆಸರ್ ತರಿಸುತ್ತಾರೆ. ಬಾದಾಮಿ, ಐಹೊಳೆಯ ಮರಳುಗಲ್ಲಿನಲ್ಲಿ ಕಣಗಳನ್ನು ಹಿಡಿದಿಟ್ಟ ಬಂಧವೇ ಸಡಿಲಗೊಂಡು ಕಣಗಳು ಉದುರುತ್ತವೆ. ಹಂಪಿಯ ಕಣಶಿಲೆ ಗಟ್ಟಿಯೆಂದು ಧೈರ್ಯ ತಾಳುವವರಿದ್ದಾರೆ. ಅದರಲ್ಲೂ ಅಭ್ರಕದಂಥ ಮೆತ್ತನೆಯ ಖನಿಜ ಮೊದಲು ಕಿತ್ತುಬಂದು ಮೈ ಗುಳಿಬೀಳುತ್ತದೆ. ಕೊಳವೆ ಹಿಡಿದು ನಿಂತ ಕೆಲಸಗಾರನ ಶ್ವಾಸಕೋಶಕ್ಕೆ ಹೋಗುವ ಸಿಲಿಕಾ ಧೂಳು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಮೂಗಿಗೆ ಕಟ್ಟಿಕೊಂಡ ಟವೆಲ್ ಅದನ್ನು ತಡೆಯುವುದಿಲ್ಲ.

ಕಾರು ತೊಳೆಯುವ ಪ್ರೆಷರ್ ವಾಷರ್ ಮೆದುವೆಂದು ತಿಳಿಯಬೇಡಿ. ಮನೆಬಳಕೆಯ ಯಂತ್ರದ ಒತ್ತಡವೂ ನೂರು ಬಾರ್ ಮುಟ್ಟುತ್ತದೆ. ಸಡಿಲಗೊಂಡ ಕಲ್ಲಿನ ಚಕ್ಕೆ ಏಳಲು ಅಷ್ಟು ಬೇಕಿಲ್ಲ.

ಕೆಲಸಕ್ಕೆ ಕೈ ಹಚ್ಚುವ ಮುಂಚೆ

ಗುಡಿ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಅಥವಾ ರಾಜ್ಯ ಪುರಾತತ್ವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಸಮಿತಿಯವರು ಕುಂಚವನ್ನೂ ಮುಟ್ಟಬಾರದು. ಕಾನೂನಿನ ಪ್ರಕಾರ ಅದು ಇಲಾಖೆಯ ಕೆಲಸ. ಮುಜರಾಯಿಗೆ ಸೇರಿದ್ದರೆ ಆ ಇಲಾಖೆಯ ಒಪ್ಪಿಗೆ ಬೇಕು. ಮುಂದೆ ಹೇಳುವ ವಿಧಾನವನ್ನೂ ಕಲ್ಲಿನ ಸಂರಕ್ಷಣೆ ಬಲ್ಲವರೊಬ್ಬರು ಜೊತೆಗಿದ್ದಾಗಲೇ ಮಾಡಿ.

ಮಳೆ ನಿಂತು ಬಿಸಿಲು ಹದವಾಗಿರುವ ತಿಂಗಳು ನೋಡಿಕೊಳ್ಳಿ. ಮೊದಲು ಓರೆ ಬೆಳಕಿನಲ್ಲಿ ಇಡೀ ಬಾಗಿಲವಾಡದ ಫೋಟೊ ತೆಗೆಯಿರಿ. ಆಮೇಲೆ ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಲ್ಲು ಗಟ್ಟಿ ಸದ್ದು ಕೊಡುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಟೊಳ್ಳು ಸದ್ದು. ಟೊಳ್ಳೆನಿಸಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕದೆ ಫೋಟೊದ ಪ್ರತಿಯ ಮೇಲೆ ಗುರುತು ಹಾಕಿ. ಆ ಜಾಗಕ್ಕೆ ನೀರೂ ತಾಗಕೂಡದು. ಬಿಳಿ ಪುಡಿ ಹೊರಬಂದಿದ್ದರೆ ಅದು ಸುಣ್ಣವಲ್ಲದೆ ಉಪ್ಪೂ ಆಗಿರಬಹುದು. ಹಿಂದೆ ಯಾರಾದರೂ ಸಂದಿಗೆ ಸಿಮೆಂಟು ಮೆತ್ತಿದ್ದರೆ ಅದರಲ್ಲಿನ ಲವಣ ನೀರಿನೊಂದಿಗೆ ಕಲ್ಲೊಳಗೆ ಇಳಿದು, ಒಣಗುವಾಗ ಹರಳುಗಟ್ಟಿ, ಮೈಯನ್ನು ಒಳಗಿನಿಂದಲೇ ಒತ್ತಿ ಚಕ್ಕೆ ಎಬ್ಬಿಸುತ್ತದೆ. ಅಂಥ ಪುಡಿಯನ್ನು ಮೆತ್ತನೆ ಕುಂಚದಿಂದ ಒಣದಾಗಿಯೇ ಗುಡಿಸಿ ತೆಗೆಯಬೇಕು. ನೀರು ಹಾಕಿದರೆ ಮತ್ತೆ ಒಳಗಿಳಿಯುತ್ತದೆ.

ನೀರಿನ ವಿಷಯದಲ್ಲೂ ಹುಷಾರಾಗಿರಿ. ಬೋರ್‌ವೆಲ್ ನೀರಿನ ಲವಣ ಕಲ್ಲಿಗೆ ಸೇರಬಾರದು. ನಾವು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತರಿಸಿಕೊಂಡೆವು.

ಸುಣ್ಣಕ್ಕೆ ಒದ್ದೆ ಪಟ್ಟು

ನಾವು ಆರಂಭಿಸಿದ್ದು ಬಾಗಿಲವಾಡದ ಬುಡದಲ್ಲಿ, ಬಾಗಿಲ ಹಿಂದೆ ಮರೆಯಾಗುವ ಕಡೆ, ಹತ್ತು ಸೆಂಟಿಮೀಟರ್ ಉದ್ದಗಲದ ಒಂದು ಚೌಕದಲ್ಲಿ. ಪರೀಕ್ಷೆಯ ಚೌಕ ಪೂರ್ತಿ ಒಣಗಿ ಒಂದು ವಾರ ಕಳೆಯುವವರೆಗೆ ಮುಂದಿನ ಹೆಜ್ಜೆ ಇಡಲಿಲ್ಲ. ಕಲೆಯೋ ಬಿಳಿ ಪುಡಿಯೋ ಏಳುವುದಿದ್ದರೆ ಆ ಅವಧಿಯಲ್ಲಿ ಬಹುಮಟ್ಟಿಗೆ ಏಳುತ್ತದೆ.

ಮೊದಲು ಒಣ ಧೂಳನ್ನು ಮೆತ್ತನೆ ಕೂದಲಿನ ಕುಂಚದಿಂದ ತೆಗೆದೆವು. ಬಿಳಿ ಹತ್ತಿಬಟ್ಟೆಯ ತುಂಡುಗಳನ್ನು ಒದ್ದೆ ಮಾಡಿ, ಹಿಂಡಿ, ಸುಣ್ಣದ ಮೇಲೆ ಒತ್ತಿ ಅಂಟಿಸಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮೂರು ನಾಲ್ಕು ಗಂಟೆ ಬಿಟ್ಟೆವು. ಸುಣ್ಣದ ಪದರಗಳ ನಡುವೆ ಹಳೆಯ ಎಣ್ಣೆ, ಧೂಳು ಸಿಕ್ಕಿಹಾಕಿಕೊಂಡಿರುತ್ತವೆ, ಅಲ್ಲೇ ಹಿಡಿತ ಸಡಿಲ. ನೆನೆದ ಮೇಲೆ ಬಿದಿರಿನ ಸೀಳನ್ನು ಆ ಸಂದಿಗೆ ಓರೆಯಾಗಿ ತೂರಿಸಿದರೆ ಪದರ ಹಪ್ಪಳದಂತೆ ಏಳುತ್ತದೆ. ಬಿದಿರನ್ನು ಕಲ್ಲಿನ ಕಡೆಗೆ ಒತ್ತಬಾರದು, ಮೇಲಕ್ಕೆ ಮೀಟಬೇಕು. ತಂತಿಯ ಬ್ರಷ್, ಚಾಕು, ಬ್ಲೇಡು ಹತ್ತಿರಕ್ಕೂ ಬರಬಾರದು. ಬಳಪದ ಕಲ್ಲಿನ ಮೇಲೆ ಒಂದೇ ಒಂದು ಗೀರು ಬಿದ್ದರೂ ಅದು ಖಾಯಂ.

ಒಂದು ಪಟ್ಟಿಗೆ ಒಂದೆರಡು ಪದರ ಮಾತ್ರ ಬರುತ್ತದೆ. ಆತುರಪಟ್ಟು ಕಲ್ಲಿನವರೆಗೂ ಒಮ್ಮೆಗೇ ಇಳಿಯಬೇಡಿ. ಪರೀಕ್ಷೆಯ ವಾರ ಕಳೆದ ನಾಲ್ಕನೆಯ ದಿನ ದ್ವಾರಪಾಲಕನ ಕೊರಳ ಬಳಿ ಸುಣ್ಣ ಎದ್ದಾಗ ಅಡಿಯಲ್ಲಿ ಕಾಡಿಗೆಯ ಗೆರೆಯಂತೆ ಸಣ್ಣ ಉಳಿಗುರುತುಗಳಿದ್ದವು, ಸರದ ಒಂದು ಎಳೆ ಇನ್ನೊಂದರ ಹಿಂದೆ ಹಾದುಹೋಗುವುದನ್ನು ಶಿಲ್ಪಿ ಅದರಲ್ಲೇ ತೋರಿಸಿದ್ದ. ಸುಣ್ಣ ಅಷ್ಟು ಕಾಲ ಅದನ್ನು ಮುಚ್ಚಿಟ್ಟು ಕಾಪಾಡಿತ್ತು. ಕಂಪ್ರೆಸರಿಗೆ ಅದು ಅರೆಕ್ಷಣದ ಕೆಲಸವಾಗುತ್ತಿತ್ತು.

ಸುಣ್ಣ ಬಿಡದಿದ್ದರೆ ಹುಣಸೆಹಣ್ಣು, ನಿಂಬೆರಸ, ಆಸಿಡ್ ಎಂದು ಸಲಹೆ ಕೊಡುವವರು ಸಿಗುತ್ತಾರೆ. ದೇವರ ಹಿತ್ತಾಳೆ ಪಾತ್ರೆಗೆ ಹುಣಸೆ ಸರಿ, ಈ ಕಲ್ಲಿಗೆ ಬೇಡವೇ ಬೇಡ. ಆಮ್ಲ ಸುಣ್ಣವನ್ನು ಕರಗಿಸುವಂತೆಯೇ ಕಲ್ಲಿನೊಳಗಿನ ಕಾರ್ಬೊನೇಟನ್ನೂ ಕರಗಿಸುತ್ತದೆ, ಕ್ಲೋರೈಟಿನಲ್ಲಿರುವ ಕಬ್ಬಿಣವನ್ನು ಹೊರಗೆಳೆದು ತುಕ್ಕಿನ ಬಣ್ಣದ ಕಲೆ ಮಾಡುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಅದರ ಕ್ಲೋರೈಡ್ ಉಪ್ಪು ಕಲ್ಲಲ್ಲೇ ಉಳಿದು ಮುಂದಿನ ಬೇಸಿಗೆಗಳಲ್ಲಿ ಚಕ್ಕೆ ಏಳಿಸುತ್ತದೆ.

ಎಣ್ಣೆಮಸಿಗೆ ಮಣ್ಣಿನ ಲೇಪ

ಮಸಿಗೆ ಬೇಕಾದ್ದು ಉಜ್ಜುವ ಬಲವಲ್ಲ, ಹೀರುವ ವಸ್ತು. ಅಂಗಡಿಯಲ್ಲಿ ಸಿಗುವ 25 ಶೇಕಡಾ ಅಮೋನಿಯ ದ್ರಾವಣವನ್ನು ಒಂದು ಲೀಟರ್ ನೀರಿಗೆ 50 ಮಿಲಿಲೀಟರ್ ಬೆರೆಸಿದರೆ ಒಂದು ಶೇಕಡಾಕ್ಕಿಂತ ತುಸು ಹೆಚ್ಚಾಗುತ್ತದೆ. ಅದಕ್ಕೆ ನಾನ್‌ಅಯಾನಿಕ್ ಡಿಟರ್ಜೆಂಟ್ ಒಂದು ಚಮಚ. ಬಟ್ಟೆ ಒಗೆಯುವ ಪುಡಿ ಬೇಡ, ಅದರಲ್ಲಿ ಲವಣವಿದೆ. ಕೈಗವಸು, ಕನ್ನಡಕ, ಅಮೋನಿಯ ಆವಿ ತಡೆಯುವ ಮಾಸ್ಕ್ ಹಾಕಿಕೊಂಡು ಬಾಗಿಲು ಕಿಟಕಿ ತೆರೆದಿಟ್ಟೇ ಇದನ್ನು ಮಾಡಬೇಕು. ಬ್ಲೀಚಿಂಗ್ ಪುಡಿಯೊಂದಿಗೆ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಈ ದ್ರಾವಣದಲ್ಲಿ ಮುಲ್ತಾನಿ ಮಿಟ್ಟಿಯನ್ನೂ ಬಿಳಿ ಟಿಶ್ಯೂ ಕಾಗದದ ತಿರುಳನ್ನೂ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಮಸಿ ಹಿಡಿದ ಕಡೆ ಮೊದಲು ಒಂದು ತೆಳು ಟಿಶ್ಯೂ ಹಾಳೆ ಅಂಟಿಸಿ, ಮೇಲೆ ಸುಮಾರು ಒಂದು ಸೆಂಟಿಮೀಟರ್ ದಪ್ಪ ಲೇಪ ಹಾಕಿ. ಹಾಳೆ ಇದ್ದರೆ ಮಣ್ಣು ಕೆತ್ತನೆಯ ಸಂದಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಮುಚ್ಚಿ ಅರ್ಧ ದಿನ ಬಿಟ್ಟು ಆಮೇಲೆ ತೆರೆದಿಡಿ. ಲೇಪ ಒಣಗುತ್ತ ಹೋದಂತೆ ಕರಗಿದ ಜಿಡ್ಡು ಕಲ್ಲಿನಿಂದ ಮಣ್ಣಿನ ಕಡೆಗೆ ಬರುತ್ತದೆ. ಕಿತ್ತು ತೆಗೆದಾಗ ಹಿಂಬದಿ ಕಂದುಗಟ್ಟಿದ್ದರೆ ಕೆಲಸ ನಡೆದಿದೆ ಎಂದರ್ಥ. ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಸ್ಪಂಜಿನಿಂದ ಮತ್ತೆ ಮತ್ತೆ ಒತ್ತಿ ತೆಗೆಯುತ್ತ ಹೋಗಿ, ಪಿಎಚ್ ಪಟ್ಟಿ ತಟಸ್ಥ ಬಣ್ಣ ತೋರಿಸುವವರೆಗೆ.

ಹೊರಗೋಡೆಯ ಕಲ್ಲುಹೂವಿಗೂ ಇದೇ ತೆಳು ಅಮೋನಿಯ ದ್ರಾವಣ ಆಗುತ್ತದೆ. ಒಣಗಿದ ಕಲ್ಲುಹೂವನ್ನು ಕಿತ್ತರೆ ಅದರ ಬೇರೆಳೆಗಳು ಕಲ್ಲಿನ ಕಣವನ್ನೂ ಹಿಡಿದುಕೊಂಡೇ ಬರುತ್ತವೆ, ಆದ್ದರಿಂದ ನೆನೆಸಿ ಮೆತ್ತಗಾದ ಮೇಲೆಯೇ ನೈಲಾನ್ ಕುಂಚ ಆಡಿಸಬೇಕು.

ನಿಲ್ಲಿಸುವ ಹೊತ್ತು

ಒರೆಸಿದ ಹತ್ತಿಗೆ ಬೂದುಹಸಿರು ಪುಡಿ ಅಂಟಿದರೆ ಅದು ಕೊಳೆಯಲ್ಲ, ಕಲ್ಲೇ. ಆ ಕ್ಷಣ ಕೈ ತೆಗೆಯಬೇಕು. ಕೊನೆಯಲ್ಲಿ ವಾರ್ನಿಷ್, ಮೇಣ, ಹೊಳಪಿಗೆಂದು ಎಣ್ಣೆ ಯಾವುದನ್ನೂ ಬಳಿಯಬೇಡಿ. ಧೂಳು ಹಿಡಿಯುತ್ತದೆ, ಒಳಗಿನ ತೇವ ಹೊರಬರುವ ದಾರಿ ಮುಚ್ಚುತ್ತದೆ. ಮೂಲವಿಗ್ರಹದ ಅಭಿಷೇಕ, ಎಣ್ಣೆ ಅರ್ಚಕರ ವಿಧಿಗೆ ಸೇರಿದ್ದು, ಅದರಲ್ಲಿ ನಾವು ಕೈಹಾಕುವುದಿಲ್ಲ.

ಎರಡು ದಿನದ ಕೆಲಸ ನಮಗೆ ಇಪ್ಪತ್ತಮೂರು ದಿನ ಹಿಡಿಯಿತು, ಸಮಿತಿಯವರು ಪೂಜೆಯ ದಿನವನ್ನು ಮುಂದಕ್ಕೆ ಹಾಕಿಕೊಂಡರು. ದೀಪವನ್ನು ಬಾಗಿಲವಾಡದಿಂದ ಎರಡು ಅಡಿ ದೂರಕ್ಕೆ ಸರಿಸಿ, ಅಡಿಗೆ ಹಿತ್ತಾಳೆ ತಟ್ಟೆ ಇಟ್ಟಿದ್ದಾರೆ. ಎಡಪಟ್ಟಿಕೆಯ ಮೇಲ್ತುದಿಯಲ್ಲಿ ಒಂದು ಅಂಗೈ ಅಗಲ ಮಸಿಗೆ ಲೇಪ ಹಾಕಲಿಲ್ಲ. ಅಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಹಾಗೆಯೇ ಬಿಟ್ಟು ಬಂದೆವು.